ಯಾರ ಕೈಯಲ್ಲಿದೆ ವ್ಯಾಪಾರದ ದಾರಿ?

[ಪರದೆ: ಆರು ಚುಕ್ಕಿ, ಒಂಬತ್ತು ಗೆರೆ]

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಅಂದುಕೊಳ್ಳಿ. ಕ, ಖ, ಗ, ಘ ನಾಲ್ವರು ವರ್ತಕರು. ಎಲ್ಲರಿಗೂ ಎಲ್ಲರ ಜೊತೆ ವ್ಯವಹಾರ ಇದೆ. ದಲಾಲಿ ‘ದ’ಗೆ ಕ, ಖ ಗೊತ್ತು, ಹೊರ ಊರಿನ ಖರೀದಿದಾರ ‘ಹ’ ಕೂಡ ಗೊತ್ತು. ‘ಹ’ಗೆ ದಲಾಲಿ ಬಿಟ್ಟರೆ ಇಲ್ಲಿ ಯಾರೂ ಗೊತ್ತಿಲ್ಲ.

ಮೊದಲು ಡಿಗ್ರಿ. ಒಬ್ಬರಿಗೆ ಎಷ್ಟು ಗೆರೆ ತಾಗಿದೆ ಅಂತ ಎಣಿಸಿ. ಕ, ಖ ತಲಾ 4. ಗ, ಘ, ದ ತಲಾ 3. ಹ 1.

ಈಗ ಬಿಟ್ವೀನ್‌ನೆಸ್. ಲಿಂಟನ್ ಫ್ರೀಮನ್ 1977ರಲ್ಲಿ ಕೊಟ್ಟ ಅಳತೆ ಇದು: ಉಳಿದವರ ನಡುವಿನ ಅತಿ ಹತ್ತಿರದ ದಾರಿಗಳಲ್ಲಿ ಎಷ್ಟು ಇವರ ಮೂಲಕ ಹಾಯುತ್ತವೆ?

[ಪರದೆ: ‘ಹ’ಯಿಂದ ಹೊರಡುವ ದಾರಿಗಳು ಕೆಂಪಾಗುತ್ತವೆ]

ನಾಲ್ವರಲ್ಲಿ ಯಾರೇ ‘ಹ’ಯನ್ನು ಮುಟ್ಟಬೇಕಾದರೂ ದಲಾಲಿಯನ್ನು ದಾಟಲೇಬೇಕು. ಹಾಗಾಗಿ ‘ದ’ಗೆ 4. ‘ಗ’ ಇಲ್ಲದಿದ್ದರೂ ಯಾರ ದಾರಿಯೂ ಉದ್ದವಾಗುವುದಿಲ್ಲ, ಅವರದು 0. ‘ಗ’ಯಿಂದ ದಲಾಲಿಗೆ ಹೋಗಲು ಕ, ಖ ಎರಡೂ ಸಮಾನ ದಾರಿ, ಆದ್ದರಿಂದ ಇಬ್ಬರಿಗೂ ಅರ್ಧರ್ಧ. ಹೀಗೆ ಕೂಡಿದರೆ ತಲಾ 2.

ಗ, ದ ಇಬ್ಬರ ಡಿಗ್ರಿಯೂ 3. ಆದರೆ ಹೊರಗಿನ ದರದ ಸುದ್ದಿ ತಡೆಯಬಲ್ಲವರು ದಲಾಲಿ ಮಾತ್ರ. ಅಸೈನ್‌ಮೆಂಟಿನಲ್ಲಿ ಬರೆಯಬೇಕಾದ್ದು ಈ ವ್ಯತ್ಯಾಸ.

ಒಂದು ಎಚ್ಚರಿಕೆ. ಸಂದರ್ಶನದಲ್ಲಿ ‘ಗ’ ತನಗೆ ‘ಹ’ಯ ಪರಿಚಯ ಇದೆ ಎಂಬುದನ್ನು ಹೇಳದೆ ಬಿಟ್ಟಿದ್ದರೆ?

[ಪರದೆ: ಗ–ಹ ಹೊಸ ಗೆರೆ]

ಆ ಒಂದು ಗೆರೆ ಸೇರಿಸಿ ನೋಡಿ: ದಲಾಲಿಯ 4 ಇಳಿದು 1 ಆಗುತ್ತದೆ, ಡಿಗ್ರಿ ಮಾತ್ರ 3ರಲ್ಲೇ ನಿಲ್ಲುತ್ತದೆ. ಅದಕ್ಕೇ ಸಂಬಂಧಗಳನ್ನು ಇಬ್ಬರ ಬಳಿಯೂ ಕೇಳಿ, ತಾಳೆ ನೋಡಿ, ಆಮೇಲೆ ಲೆಕ್ಕ ಹಾಕಿ.