ಬಿಲ್ಲು ಹೇಳುವುದು, ಯಂತ್ರ ಹೇಳುವುದು

ಆಡಿಟ್ ಪರೀಕ್ಷೆಗೆ ಓದುವವರನ್ನು ವೌಚಿಂಗ್ ಎಂದರೇನು, ವೆರಿಫಿಕೇಶನ್ ಎಂದರೇನು ಎಂದು ಕೇಳಿದರೆ, ಹೆಚ್ಚಿನವರು ಮೊದಲನೆಯದು ವೌಚರ್ ನೋಡುವುದು, ಎರಡನೆಯದು ಆಸ್ತಿ ನೋಡುವುದು ಎಂದುಬಿಡುತ್ತಾರೆ. ಉತ್ತರ ಪೂರ್ತಿ ತಪ್ಪಲ್ಲ. ಆದರೆ ಪ್ರಶ್ನೆಯಲ್ಲಿ ಒಂದು ಯಂತ್ರವನ್ನೋ ಬ್ಯಾಂಕ್ ಬಾಕಿಯನ್ನೋ ಕೊಟ್ಟು ‘ಹೇಗೆ ಪರಿಶೀಲಿಸುತ್ತೀರಿ’ ಎಂದಾಗ ಇಷ್ಟೇ ತಿಳಿದವರ ಪೆನ್ನು ನಿಲ್ಲುತ್ತದೆ. ಪರಿಶೀಲನೆ ಎಲ್ಲಿಂದ ಹೊರಡುತ್ತದೆ ಎಂಬುದನ್ನು ಹಿಡಿದುಕೊಂಡರೆ ಎರಡರ ದಾರಿಯೂ ಬೇರೆಬೇರೆಯಾಗಿ ಕಾಣುತ್ತದೆ.

ಪೀಣ್ಯದಲ್ಲಿ ಬಿಡಿಭಾಗ ತಯಾರಿಸುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿ ಇದೆ ಎಂದಿಟ್ಟುಕೊಳ್ಳಿ. ಸೆಪ್ಟೆಂಬರಿನಲ್ಲಿ ಅದು ಒಂದು ಸಿಎನ್‌ಸಿ ಯಂತ್ರ ಕೊಂಡಿತು. ಬೆಲೆ 18,00,000 ರೂಪಾಯಿ, ಜಿಎಸ್‌ಟಿ 3,24,000, ಸಾಗಣೆ ಮತ್ತು ಜೋಡಣೆಗೆ 60,000. ಅಕ್ಟೋಬರ್ 1ರಿಂದ ಯಂತ್ರ ಕೆಲಸಕ್ಕೆ ಸಿದ್ಧವಾಯಿತು.

ವೌಚಿಂಗ್ ಮಾಡುವವರು ಲೆಡ್ಜರಿನ ನಮೂದಿನಿಂದ ಹೊರಟು ಅದರ ಹಿಂದಿನ ಕಾಗದಗಳಿಗೆ ಹೋಗುತ್ತಾರೆ. ಕೊಳ್ಳಲು ಒಪ್ಪಿಗೆ ಕೊಟ್ಟವರು ಯಾರು? ಆರ್ಡರಿನಲ್ಲಿರುವ ಯಂತ್ರವೂ ಬಿಲ್ಲಿನಲ್ಲಿರುವ ಯಂತ್ರವೂ ಒಂದೇ ಏನು? ಬಿಲ್ಲು ಕಂಪನಿಯ ಹೆಸರಿನಲ್ಲಿದೆಯೋ, ನಿರ್ದೇಶಕರ ಸ್ವಂತ ಹೆಸರಿನಲ್ಲಿದೆಯೋ? ಸರಕು ಬಂದು ತಲುಪಿದ ಚೀಟಿ ಎಲ್ಲಿ? ಹಣ ಬ್ಯಾಂಕಿನಿಂದ ಹೋದದ್ದು ಅದೇ ಮಾರಾಟಗಾರನಿಗೇ? ಇವುಗಳ ಜೊತೆ ವಿದ್ಯಾರ್ಥಿಗಳು ಬಹಳ ಸಲ ಮರೆಯುವ ಪ್ರಶ್ನೆ ಒಂದಿದೆ: ಮೊತ್ತ ಸರಿಯಾದ ಖಾತೆಗೆ ಹೋಗಿದೆಯೇ? ಇಲ್ಲಿ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆ ಸಿಗುವುದರಿಂದ ಅದು ಯಂತ್ರದ ಬೆಲೆಗೆ ಸೇರಬಾರದು. ಸಾಗಣೆ, ಜೋಡಣೆಯ ಖರ್ಚು ಸೇರಬೇಕು. ಯಂತ್ರದ ಖಾತೆಯಲ್ಲಿ 18,60,000 ಇದ್ದರೆ ನಮೂದು ಸರಿ. 21,84,000 ಇದ್ದರೆ ತೆರಿಗೆಯೂ ಆಸ್ತಿಯೊಳಗೆ ಸೇರಿಕೊಂಡಿದೆ ಎಂದರ್ಥ.

ಇಷ್ಟಕ್ಕೆ ವೌಚಿಂಗ್ ಮುಗಿಯಿತು. ಅಂಥ ವ್ಯವಹಾರ ನಡೆಯಿತು, ಸರಿಯಾಗಿ ಬರೆದಿದ್ದಾರೆ ಎಂಬುದಷ್ಟೇ ಅದರಿಂದ ತಿಳಿದದ್ದು. ಆ ಯಂತ್ರವನ್ನು ಜನವರಿಯಲ್ಲಿ ಮಾರಿ, ಮಾರಾಟವನ್ನು ಪುಸ್ತಕದಲ್ಲಿ ಬರೆಯದೇ ಇದ್ದರೆ? ಸೆಪ್ಟೆಂಬರಿನ ಬಿಲ್ಲನ್ನು ಎಷ್ಟು ಸಲ ತಿರುವಿದರೂ ಆ ಸುದ್ದಿ ಸಿಗದು.

ವೆರಿಫಿಕೇಶನ್ ಹೊರಡುವುದು ಮಾರ್ಚ್ 31ರ ಬ್ಯಾಲೆನ್ಸ್ ಶೀಟಿನಲ್ಲಿ ನಿಂತಿರುವ ಮೊತ್ತದಿಂದ. ವರ್ಷಕ್ಕೆ ನೇರ ಶೇ 10ರ ಸವಕಳಿ ಎಂದರೆ ಆರು ತಿಂಗಳಿಗೆ 93,000 ಕಳೆದು 17,67,000 ಉಳಿಯಬೇಕು. ಆಡಿಟರ್ ಈ ಅಂಕಿಯನ್ನು ಹಿಡಿದು ಕಾರ್ಖಾನೆಯೊಳಗೆ ಹೋಗುತ್ತಾರೆ. ಬಿಲ್ಲಿನಲ್ಲಿರುವ ಸೀರಿಯಲ್ ನಂಬರು ಯಂತ್ರದ ಮೇಲಿನ ಫಲಕದಲ್ಲೂ ಆಸ್ತಿ ರಿಜಿಸ್ಟರಿನಲ್ಲೂ ಇದೆಯೇ ನೋಡುತ್ತಾರೆ. ಯಂತ್ರ ಓಡುತ್ತಿದೆಯೋ, ಮೂಲೆಯಲ್ಲಿ ಟಾರ್ಪಾಲು ಹೊದ್ದು ಕೂತಿದೆಯೋ ಗಮನಿಸುತ್ತಾರೆ; ಕೂತಿದ್ದರೆ 17,67,000ದ ಬೆಲೆಯೇ ಪ್ರಶ್ನೆಗೆ ಬರುತ್ತದೆ. ಕೊಳ್ಳಲು ಬ್ಯಾಂಕ್ ಸಾಲ ಪಡೆದಿದ್ದರೆ ಯಂತ್ರದ ಮೇಲೆ ಬ್ಯಾಂಕಿನ ಹಕ್ಕು ನೋಂದಣಿಯಾಗಿದೆಯೇ, ಬ್ಯಾಲೆನ್ಸ್ ಶೀಟಿನಲ್ಲಿ ಆ ಸಾಲವನ್ನು ಭದ್ರತೆಯುಳ್ಳದ್ದೆಂದು ತೋರಿಸಿದ್ದಾರೆಯೇ ಎಂದೂ ನೋಡುತ್ತಾರೆ. ಒಟ್ಟಿನಲ್ಲಿ ಆಸ್ತಿ ಇದೆಯೇ, ಕಂಪನಿಯದ್ದೇ, ಹೇಳಿದ ಬೆಲೆ ಬಾಳುತ್ತದೆಯೇ, ಸರಿಯಾಗಿ ತೋರಿಸಿದ್ದಾರೆಯೇ ಎಂಬ ವಿಚಾರಣೆ ಇದು. ವೌಚಿಂಗ್ ಇದರೊಳಗೆ ಒಂದು ಹೆಜ್ಜೆಯಾಗಿ ಸೇರಿಕೊಳ್ಳುತ್ತದೆ. ವೌಚಿಂಗ್ ಆಗಿದೆ ಎಂಬ ಕಾರಣಕ್ಕೆ ಇದನ್ನು ಬಿಡುವಂತಿಲ್ಲ.

ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ದೊಡ್ಡ ಉದಾಹರಣೆ ಇದೆ. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ ಸರ್ವೀಸಸ್‌ನ ಅಧ್ಯಕ್ಷ ರಾಮಲಿಂಗ ರಾಜು ತಮ್ಮ ನಿರ್ದೇಶಕ ಮಂಡಳಿಗೆ ಪತ್ರ ಬರೆದರು. ಹಿಂದಿನ ಸೆಪ್ಟೆಂಬರ್ 30ಕ್ಕೆ ಪುಸ್ತಕದಲ್ಲಿ ನಗದು ಮತ್ತು ಬ್ಯಾಂಕ್ ಬಾಕಿ ಎಂದು ತೋರಿಸಿದ್ದ 5,361 ಕೋಟಿ ರೂಪಾಯಿಯಲ್ಲಿ 5,040 ಕೋಟಿ ಇಲ್ಲವೇ ಇಲ್ಲ ಎಂದು ಅದರಲ್ಲಿ ಒಪ್ಪಿಕೊಂಡಿದ್ದರು. ಅಲ್ಲಿ ಕಾಗದಕ್ಕೆ ಕೊರತೆ ಇರಲಿಲ್ಲ. ಗಿರಾಕಿಗಳ ಹೆಸರಿನ ಬಿಲ್ಲುಗಳಿದ್ದವು, ಬ್ಯಾಂಕ್ ಸ್ಟೇಟ್‌ಮೆಂಟುಗಳಿದ್ದವು, ಠೇವಣಿ ರಸೀದಿಗಳಿದ್ದವು. ಅವುಗಳಲ್ಲಿ ಬಹಳಷ್ಟು ನಕಲಿ. ನಕಲಿ ಕಾಗದವೂ ನಮೂದಿಗೆ ತಾಳೆಯಾಗುತ್ತದೆ, ಏಕೆಂದರೆ ಅದನ್ನು ತಯಾರಿಸುವುದೇ ತಾಳೆಯಾಗಲೆಂದು. ಒಂದು ಕಾಗದವನ್ನು ಇನ್ನೊಂದಕ್ಕೆ ಹೋಲಿಸುವ ವೌಚಿಂಗಿನ ಶಕ್ತಿ ಇಲ್ಲಿಗೆ ಮುಗಿಯುತ್ತದೆ.

ಹಣ ಇದೆಯೇ ಎಂದು ಹೇಳಬಲ್ಲದ್ದು ಬ್ಯಾಂಕ್ ಮಾತ್ರ. ಹೊರಗಿನವರಿಂದ ದೃಢೀಕರಣ ಪಡೆಯುವ ಕುರಿತಾದ ಎಸ್‌ಎ 505 ಮಾನದಂಡ ಕೇಳುವುದೂ ಇದನ್ನೇ: ಯಾರಿಗೆ ಬರೆಯಬೇಕೆಂದು ಆಡಿಟರ್ ಆರಿಸಬೇಕು, ಪತ್ರವನ್ನು ಆಡಿಟರ್ ಕಳಿಸಬೇಕು, ಉತ್ತರ ನೇರ ಆಡಿಟರಿಗೇ ಬರಬೇಕು. ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2011ರ ತನ್ನ ಆದೇಶದಲ್ಲಿ ಬೆರಳು ಮಾಡಿದ್ದು ಸರಿಯಾಗಿ ಈ ಜಾಗಕ್ಕೆ. ದೃಢೀಕರಣ ಪತ್ರಗಳನ್ನು ಕಳಿಸುವ, ತರಿಸುವ ಕೆಲಸವನ್ನು ಆಡಿಟ್ ತಂಡ ಸತ್ಯಂ ಆಡಳಿತದ ಕೈಗೇ ಬಿಟ್ಟಿತ್ತು ಎಂದು ಅದು ಹೇಳಿತು. ಪರೀಕ್ಷೆಯಲ್ಲಿ ‘ಬ್ಯಾಂಕಿನಿಂದ ದೃಢೀಕರಣ ಪತ್ರ ಪಡೆಯಬೇಕು’ ಎಂದಷ್ಟೇ ಬರೆಯುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ. ಪತ್ರ ಯಾರ ಕೈ ದಾಟಿ ಬಂತು ಎಂಬುದನ್ನು ಬರೆಯದಿದ್ದರೆ ಉತ್ತರದ ಜೀವವೇ ಹೋದಂತೆ.

ಅದೇ ಪತ್ರದಲ್ಲಿ ಇನ್ನೊಂದು ಸಾಲಿತ್ತು, ಅದರ ಚರ್ಚೆ ಕಡಿಮೆ: 1,230 ಕೋಟಿ ರೂಪಾಯಿಯ ಹೊಣೆಯನ್ನು ಪುಸ್ತಕದಲ್ಲಿ ತೋರಿಸಿರಲಿಲ್ಲ. ಆಸ್ತಿಯಲ್ಲಿ ಇಲ್ಲದ್ದನ್ನು ಬರೆಯುತ್ತಾರೆ, ಹೊಣೆಯಲ್ಲಿ ಇರುವುದನ್ನು ಬರೆಯದೆ ಬಿಡುತ್ತಾರೆ. ಹಾಗಾಗಿ ಹೊಣೆಯನ್ನು ಪರಿಶೀಲಿಸುವವರು ತಿರುಗಿ ನಡೆಯಬೇಕಾಗುತ್ತದೆ. ಬರೆಯದ ನಮೂದಿಗೆ ವೌಚರ್ ಹುಡುಕಲಾಗದು. ಹೊರಗಿನಿಂದ ಒಳಕ್ಕೆ, ಕಾಗದದಿಂದ ಪುಸ್ತಕಕ್ಕೆ ಬರಬೇಕು.

ನಮ್ಮ ಪೀಣ್ಯದ ಕಂಪನಿಗೇ ಮರಳೋಣ. ಮಾರ್ಚ್ 31ಕ್ಕೆ ಕೊಡಬೇಕಾದ ಬಾಕಿಯ ಪಟ್ಟಿ ಕೈಯಲ್ಲಿದೆ. ಪಟ್ಟಿಯಲ್ಲಿರುವ ಪ್ರತಿ ಹೆಸರಿಗೂ ಬಿಲ್ಲು ತಾಳೆಯಾಗುತ್ತದೆ. ಆಡಿಟರ್ ಅಲ್ಲಿಗೆ ನಿಲ್ಲದೆ ಏಪ್ರಿಲ್, ಮೇ ತಿಂಗಳ ಬ್ಯಾಂಕ್ ಪಾವತಿಗಳನ್ನು ತೆಗೆಯುತ್ತಾರೆ. ಮೇ 6ರಂದು ಉಕ್ಕಿನ ವ್ಯಾಪಾರಿಯೊಬ್ಬರಿಗೆ ದೊಡ್ಡ ಮೊತ್ತ ಹೋಗಿದೆ. ಬಿಲ್ಲು ಪುಸ್ತಕಕ್ಕೆ ಏರಿದ್ದು ಏಪ್ರಿಲ್ 9ಕ್ಕೆ, ತೆರಿಗೆ ಬಿಟ್ಟು ಅದರ ಬೆಲೆ 2,40,000. ಆದರೆ ಗೇಟಿನ ರಿಜಿಸ್ಟರಿನ ಪ್ರಕಾರ ಲಾರಿ ಬಂದದ್ದು ಮಾರ್ಚ್ 28ಕ್ಕೆ. ಆಡಿಟರ್ ಈಗ ಕೇಳಬೇಕಾದದ್ದು, ಮಾರ್ಚ್ 31ರ ದಾಸ್ತಾನು ಎಣಿಕೆಯಲ್ಲಿ ಈ ಉಕ್ಕು ಸೇರಿತ್ತೇ ಎಂದು. ಸೇರಿತ್ತು. ಅಂದರೆ ಸರಕು ಆಸ್ತಿಯಾಗಿ ಒಳಗೆ ಬಂದಿದೆ, ಸಾಲ ಮಾತ್ರ ಹೊರಗೇ ಉಳಿದಿದೆ. ಖರೀದಿ 2,40,000ದಷ್ಟು, ಬಾಕಿ ತೆರಿಗೆಯೂ ಸೇರಿದ ಮೊತ್ತದಷ್ಟು ಕಡಿಮೆಯಾಗಿ, ಲಾಭ 2,40,000ದಷ್ಟು ಹೆಚ್ಚಾಗಿ ಕಂಡಿದೆ. ಎಣಿಕೆಯಿಂದಲೂ ಉಕ್ಕು ಬಿಟ್ಟುಹೋಗಿದ್ದರೆ ಲಾಭ ಏರುಪೇರಾಗುತ್ತಿರಲಿಲ್ಲ, ದಾಸ್ತಾನು ಮತ್ತು ಬಾಕಿ ಎರಡೂ ಕಡಿಮೆ ಕಾಣುತ್ತಿದ್ದವು.

ಬಾಕಿದಾರರಿಗೆ ಪತ್ರ ಬರೆಯುವಾಗಲೂ ಇದೇ ತಿರುಗು ನಡಿಗೆ. ಗಿರಾಕಿಗಳಿಂದ ಬರಬೇಕಾದ ಹಣಕ್ಕೆ ದೊಡ್ಡ ಮೊತ್ತದವರನ್ನು ಆರಿಸುವುದು ಸರಿ. ಕೊಡಬೇಕಾದ ಹಣಕ್ಕೆ ಹಾಗೆ ಆರಿಸಿದರೆ ಸಾಲದು. ವರ್ಷವಿಡೀ ಕಂಪನಿ ಯಾರಿಂದ ಹೆಚ್ಚು ಕೊಂಡಿದೆಯೋ ಅವರಿಗೂ ಬರೆಯಬೇಕು. ಆ ಉಕ್ಕಿನ ವ್ಯಾಪಾರಿಯ ಹೆಸರಿನ ಮುಂದೆ ಮಾರ್ಚ್ 31ಕ್ಕೆ ಇದ್ದದ್ದು ಸೊನ್ನೆ.