ಮಾವು ಮಾರುವ ಸಂದೇಶ ಹೇಗಿರಬೇಕು

ರಾಮನಗರದ ತೋಟದಿಂದ ಬೆಂಗಳೂರಿನ ಮನೆಗಳಿಗೆ ಬಾದಾಮಿ ಮಾವನ್ನು ನೇರವಾಗಿ ಮಾರುವ ರೈತ ವಾಟ್ಸ್‌ಆ್ಯಪ್‌ನಲ್ಲಿ ಹಾಕುವ ಸಂದೇಶವೇ ಅವನಿಗೂ ಗಿರಾಕಿಗೂ ನಡುವಿನ ಕರಾರು. ಅದರಲ್ಲಿ ಬಿಟ್ಟುಹೋದ ಒಂದೊಂದು ಮಾತೂ ಮುಂದೆ ಒಂದೊಂದು ತಕರಾರಾಗುತ್ತದೆ.

ಮೊದಲು ಬರೆಯಬೇಕಾದದ್ದು ತಳಿ, ತೂಕ ಮತ್ತು ಕಾಯಿಯ ಹದ. ‘ಬಾದಾಮಿ, 3 ಕೆ.ಜಿ. ಪೆಟ್ಟಿಗೆ, 10ರಿಂದ 12 ಕಾಯಿ, ಒಟ್ಟು 80 ಪೆಟ್ಟಿಗೆ’ ಎಂದರೆ ಗೊಂದಲವಿಲ್ಲ. ಕೊಡುವುದು ಹಣ್ಣಲ್ಲ, ಬಲಿತ ಕಾಯಿ ಎಂಬುದನ್ನೂ ಹೇಳಬೇಕು. ಪೂರ್ತಿ ಹಣ್ಣಾದ ಮಾವು ದಾರಿಯಲ್ಲೇ ಜಜ್ಜಿಹೋಗುತ್ತದೆ. ಕಾಯಿಯನ್ನು ಹುಲ್ಲಿನಲ್ಲಿಟ್ಟರೆ ಕೆಲವು ದಿನಗಳಲ್ಲಿ ಮಾಗುತ್ತದೆ. ಆಗ ನೀರಿನಂಶ ಆರಿ ತೂಕ ಇಳಿಯುವುದರಿಂದ ‘ತುಂಬುವಾಗಿನ ತೂಕ’ ಎಂದು ಬರೆಯುವುದು ಒಳ್ಳೆಯದು.

ಬೆಲೆಯನ್ನು ಲೆಕ್ಕಹಾಕಿ ಇಡಬೇಕು. ಉದಾಹರಣೆಗೆ, ಕೆ.ಜಿ.ಗೆ 100 ರೂಪಾಯಿಯಂತೆ ಕಾಯಿಗೆ 300, ರಟ್ಟಿನ ಪೆಟ್ಟಿಗೆ ಮತ್ತು ಹುಲ್ಲಿಗೆ 40. ವ್ಯಾನಿನ ಬಾಡಿಗೆ 2,400 ರೂಪಾಯಿಯನ್ನು 80 ಪೆಟ್ಟಿಗೆಗೆ ಹಂಚಿದರೆ 30. ಕೆಟ್ಟ ಕಾಯಿ ಬದಲಿಸಿಕೊಡಲು 10 ರೂಪಾಯಿ ಸೇರಿಸಿದರೆ ಒಟ್ಟು 380. ಬೇಡಿಕೆ 40 ಪೆಟ್ಟಿಗೆಗೇ ನಿಂತರೆ ಬಾಡಿಗೆ ಪೆಟ್ಟಿಗೆಗೆ 60 ರೂಪಾಯಿ ಬೀಳುತ್ತದೆ. ಆದ್ದರಿಂದ ‘60 ಪೆಟ್ಟಿಗೆ ತುಂಬಿದರೆ ಮಾತ್ರ ವ್ಯಾನ್ ಹೊರಡುತ್ತದೆ, ಇಲ್ಲವಾದರೆ ಮುಂಗಡ ವಾಪಸ್’ ಎಂದು ಮೊದಲೇ ತಿಳಿಸಬೇಕು.

ಕೊಯ್ಲು ಬೇಡಿಕೆಯ ಹಿಂದೆ ಬರಬೇಕೇ ಹೊರತು ಮುಂದೆ ಅಲ್ಲ. ಗುರುವಾರ ರಾತ್ರಿಗೆ ಬುಕಿಂಗ್ ಮುಗಿದರೆ ಶುಕ್ರವಾರ ಬೆಳಿಗ್ಗೆ ತೊಟ್ಟು ಉಳಿಸಿ ಕೊಯ್ಯಬಹುದು. ತೊಟ್ಟು ಮುರಿದರೆ ಸೊನೆ ಸೋರಿ ಸಿಪ್ಪೆಯ ಮೇಲೆ ಕಪ್ಪು ಕಲೆ ಬೀಳುತ್ತದೆ. ಶನಿವಾರ ಬೆಳಿಗ್ಗೆ 8ರಿಂದ 10ರವರೆಗೆ ವ್ಯಾನ್ ಅಪಾರ್ಟ್‌ಮೆಂಟಿನ ಗೇಟಿನ ಬಳಿ ನಿಲ್ಲುತ್ತದೆ. ಬರಲಾಗದವರು ಯಾರ ಕೈಗೆ ಕೊಡಬೇಕೆಂದು ಹಿಂದಿನ ದಿನವೇ ಹೇಳಿರಬೇಕು.

ಹಣವನ್ನು ಎರಡು ಕಂತಿನಲ್ಲಿ ಪಡೆಯುವುದು ಇಬ್ಬರಿಗೂ ಕ್ಷೇಮ: ಬುಕಿಂಗ್‌ಗೆ 100 ರೂಪಾಯಿ, ಪೆಟ್ಟಿಗೆ ಕೈಸೇರಿದಾಗ 280. ಪಾವತಿಯ ಜೊತೆ ಹೆಸರು, ಮನೆ ನಂಬರು ಬರೆಯಲು ಕೇಳಿಕೊಂಡರೆ ಲೆಕ್ಕ ತಪ್ಪುವುದಿಲ್ಲ. ಗಿರಾಕಿ ಕಳಿಸಿದ ಸ್ಕ್ರೀನ್‌ಶಾಟ್ ನಂಬದೆ ತನ್ನ ಖಾತೆಗೆ ಹಣ ಜಮೆಯಾಗಿದೆಯೇ ಎಂದು ರೈತ ನೋಡಿಕೊಳ್ಳಬೇಕು. ಯುಪಿಐನಲ್ಲಿ ಹಣ ಪಡೆಯಲು ಪಿನ್ ಒತ್ತಬೇಕಾಗಿಲ್ಲ. ಒತ್ತಲು ಯಾರಾದರೂ ಹೇಳಿದರೆ ಅದು ಮೋಸ.

ಕೊನೆಯ ಸಾಲು ಕೆಟ್ಟ ಹಣ್ಣಿನದು. ಬಾದಾಮಿಯ ತಿರುಳು ಕೆಲವೊಮ್ಮೆ ಒಳಗೇ ಮೆತ್ತಗಾಗಿ ಹುಳಿ ವಾಸನೆ ಬರುತ್ತದೆ; ಹೊರಗಿನಿಂದ ಅದು ರೈತನಿಗೂ ಕಾಣದು. ‘ಕೊಯ್ದ ಹಣ್ಣಿನ ಫೋಟೊ ಒಂದು ವಾರದೊಳಗೆ ಕಳಿಸಿದರೆ ಮುಂದಿನ ಸರದಿಯಲ್ಲಿ ಅಷ್ಟೇ ಕಾಯಿ ಕೊಡಲಾಗುವುದು’ ಎಂಬ ಒಂದು ಮಾತು ಆ ನಷ್ಟ ಯಾರದೆಂಬುದನ್ನು ಇತ್ಯರ್ಥಮಾಡುತ್ತದೆ.