ಸೂಚ್ಯಂಕ ಇದ್ದಲ್ಲೇ ಇದ್ದರೂ ಕರಗುವ ಆಪ್ಷನ್

ಅಮೆರಿಕದ ಷೇರುಪೇಟೆಯಲ್ಲಿ TQQQ ಎಂಬ ಫಂಡ್ ಇದೆ. ಪ್ರೋಷೇರ್ಸ್ ಕಂಪನಿ 2010ರಲ್ಲಿ ತಂದದ್ದು. ನಾಸ್ಡಾಕ್-100 ಸೂಚ್ಯಂಕ ಒಂದು ದಿನದಲ್ಲಿ ಶೇ. 1 ಏರಿದರೆ ಇದು ಶೇ. 3 ಏರಬೇಕು, ಶೇ. 1 ಇಳಿದರೆ ಶೇ. 3 ಇಳಿಯಬೇಕು. ಈ ಫಂಡಿನ ಮೇಲೆ ಆಪ್ಷನ್ ವಹಿವಾಟೂ ಜೋರಾಗಿದೆ. ಕಾಲ್ ಕೊಳ್ಳುವವರ ಲೆಕ್ಕ ಸಲೀಸು: ಸೂಚ್ಯಂಕ ಏರುತ್ತದೆ, ಫಂಡ್ ಅದರ ಮೂರು ಪಟ್ಟು ಏರುತ್ತದೆ, ಆಪ್ಷನ್ ಅದಕ್ಕೂ ಮಿಗಿಲಾಗಿ ಏರುತ್ತದೆ. ಆದರೆ ಫಂಡಿನ ಕರಾರು ಇರುವುದು ಒಂದು ದಿನಕ್ಕೆ ಮಾತ್ರ. ಲೆಕ್ಕ ತಪ್ಪುವುದು ಅಲ್ಲೇ.

ಫಂಡಿನಲ್ಲಿ 100 ಡಾಲರ್ ಇದೆ ಎನ್ನೋಣ. ಮೂರು ಪಟ್ಟು ಫಲ ಬರಬೇಕೆಂದರೆ ಅದು 300 ಡಾಲರ್ ಮೌಲ್ಯದ ಷೇರುಗಳ ಏರಿಳಿತವನ್ನು ಹೊತ್ತಿರಬೇಕು. ಸೂಚ್ಯಂಕ 100ರಿಂದ 98ಕ್ಕೆ ಇಳಿಯಿತು. ಫಂಡಿಗೆ 6 ಡಾಲರ್ ನಷ್ಟ, ಉಳಿದದ್ದು 94. ಹೊತ್ತಿರುವ ಮೌಲ್ಯ ಈಗ 294. ಆದರೆ ನಾಳೆಯೂ ಮೂರು ಪಟ್ಟೇ ಇರಬೇಕಾದ್ದರಿಂದ ಅದು 282ಕ್ಕೆ ಇಳಿಯಬೇಕು. ಹಾಗಾಗಿ ಸಂಜೆಯೊಳಗೆ 12 ಡಾಲರಿನಷ್ಟನ್ನು ಮಾರುತ್ತದೆ, ಅದೂ ಬೆಲೆ ಬಿದ್ದ ದಿನವೇ. ಮರುದಿನ ಸೂಚ್ಯಂಕ ಮತ್ತೆ 100 ಮುಟ್ಟಿದಾಗ ಮಾರಿದ ಆ ಭಾಗಕ್ಕೆ ಲಾಭ ಸಿಗುವುದಿಲ್ಲ. ಫಂಡ್ 99.75ರಲ್ಲಿ ನಿಲ್ಲುತ್ತದೆ. ಏರಿದ ದಿನ ಇದೇ ಕೆಲಸ ತಿರುಗಮುರುಗ: ದುಬಾರಿಯಾದ ಮೇಲೆ ಕೊಳ್ಳುತ್ತದೆ.

ಕಾಲು ಡಾಲರ್ ಏನು ಮಹಾ ಅನ್ನಿಸಬಹುದು. ಇದೇ ಓಲಾಟ ಒಂದು ತಿಂಗಳು, ಅಂದರೆ ಸುಮಾರು 20 ವಹಿವಾಟಿನ ದಿನ ನಡೆದರೆ ಸೂಚ್ಯಂಕ 100ರಲ್ಲೇ ಇದ್ದರೂ ಫಂಡ್ 97.6ಕ್ಕೆ ಬಂದಿರುತ್ತದೆ. ಮೂರು ತಿಂಗಳಲ್ಲಿ 93ರ ಹತ್ತಿರ. ಓಲಾಟ ದುಪ್ಪಟ್ಟಾದರೆ ಸವೆತ ಸುಮಾರು ನಾಲ್ಕು ಪಟ್ಟಾಗುತ್ತದೆ ಎಂಬುದು ಹಲವರು ಗಮನಿಸದ ಸಂಗತಿ.

ಈಗ ಆಪ್ಷನ್‌ಗೆ ಬರೋಣ. ಫಂಡ್ 100ರಲ್ಲಿದ್ದಾಗ ಮೂರು ತಿಂಗಳ ಅವಧಿಯ, 100ರದ್ದೇ ಸ್ಟ್ರೈಕಿನ ಕಾಲ್ ಕೊಳ್ಳುತ್ತೀರಿ. ದಿನಕ್ಕೆ ಶೇ. 2ರ ಓಲಾಟವಿರುವ ಸೂಚ್ಯಂಕವಾದರೆ, ಬಡ್ಡಿ ಮತ್ತು ಖರ್ಚು ಬದಿಗಿಟ್ಟು, ಬ್ಲ್ಯಾಕ್-ಶೋಲ್ಸ್ ಸೂತ್ರದ ಪ್ರಕಾರ ಇದರ ಪ್ರೀಮಿಯಂ ಸುಮಾರು 19 ಡಾಲರ್. ಒಂದು ತಿಂಗಳ ನಂತರವೂ ಫಂಡ್ 100ರಲ್ಲೇ ಇದ್ದಿದ್ದರೆ ಅದು 15.5 ಆಗಿರುತ್ತಿತ್ತು. ಇದು ಎಲ್ಲ ಆಪ್ಷನ್‌ಗೂ ಇರುವ, ದಿನ ಕಳೆದಂತೆ ಆಗುವ ಕರಗುವಿಕೆ. ಆದರೆ ಸೂಚ್ಯಂಕ ಇದ್ದಲ್ಲೇ ಇದ್ದರೂ ಫಂಡ್ 97.6ಕ್ಕೆ ಜಾರಿದೆ. ಹಾಗಾಗಿ ಆಪ್ಷನ್ ಬೆಲೆ 14.2. ಸೂಚ್ಯಂಕದ್ದೇ ಕಾಲ್ ಕೊಂಡವರು ಈ ತಿಂಗಳಲ್ಲಿ ಪ್ರೀಮಿಯಂನ ಶೇ. 18ರಷ್ಟನ್ನು ಕಳೆದುಕೊಂಡರೆ, ಫಂಡಿನ ಕಾಲ್ ಕೊಂಡವರದು ಶೇ. 25 ಹೋಯಿತು.

ಹಾಗಾದರೆ ಪುಟ್ ಕೊಂಡು ಕೂತರೆ ಸಾಕಲ್ಲ ಎಂದು ಜಾಣರು ಕೇಳುತ್ತಾರೆ. ಅಷ್ಟು ಸುಲಭವಿಲ್ಲ. ಓಲಾಡಿದಾಗ ಸವೆಸುವ ಅದೇ ಚಕ್ರಬಡ್ಡಿಯ ಗಣಿತ, ಪೇಟೆ ಒಂದೇ ದಿಕ್ಕಿಗೆ ಓಡಿದಾಗ ಕೈಹಿಡಿಯುತ್ತದೆ. ಸೂಚ್ಯಂಕ ಹತ್ತು ದಿನ ಬಿಡದೆ ಶೇ. 1ರಂತೆ ಏರಿದರೆ ಅದು ಏರಿದ್ದು ಶೇ. 10.5, ಫಂಡ್ ಏರಿದ್ದು ಶೇ. 34. ಮೂರು ಪಟ್ಟಿಗಿಂತ ಜಾಸ್ತಿ. ಹಲವು ಹಾದಿಗಳಲ್ಲಿ ಸವೆದದ್ದನ್ನು ಇಂಥ ಕೆಲವು ಹಾದಿಗಳು ಸರಿದೂಗಿಸುತ್ತವೆ. ಆಪ್ಷನ್ ಮಾರುವವರು ಸೂಚ್ಯಂಕದ ಏರಿಳಿತವನ್ನಲ್ಲ, ಫಂಡಿನದೇ ಮೂರು ಪಟ್ಟು ಏರಿಳಿತವನ್ನು ಲೆಕ್ಕ ಹಿಡಿದು ಪ್ರೀಮಿಯಂ ಕಟ್ಟಿರುತ್ತಾರೆ. ಪುಟ್ ದುಬಾರಿಯಾಗಿರುವುದು ಅದಕ್ಕೇ. ಯಾರೂ ಯಾರಿಗೂ ಮೋಸ ಮಾಡುತ್ತಿಲ್ಲ. ತೊಂದರೆಯಾಗುವುದು ಸೂಚ್ಯಂಕದ ಬಗ್ಗೆ ಅಭಿಪ್ರಾಯ ಇಟ್ಟುಕೊಂಡು ಫಂಡಿನ ಆಪ್ಷನ್ ಕೊಳ್ಳುವವರಿಗೆ.

2022ರಲ್ಲಿ ನಾಸ್ಡಾಕ್-100 ಸುಮಾರು ಶೇ. 33 ಇಳಿಯಿತು, TQQQ ಶೇ. 79ರಷ್ಟು. ಏರಿಳಿತವಿಲ್ಲದೆ ಒಂದೇ ಸಮನೆ ಇಳಿದಿದ್ದರೆ ಫಂಡಿನ ನಷ್ಟ ಶೇ. 70ರ ಸುತ್ತ ನಿಲ್ಲುತ್ತಿತ್ತು. ಮಿಕ್ಕದ್ದರಲ್ಲಿ ಹೆಚ್ಚಿನ ಪಾಲು ಓಲಾಟದ್ದು.

ನಮ್ಮ ಮೂರು ತಿಂಗಳ ಕಾಲ್‌ಗೇ ಮರಳಿದರೆ, ಕೊಟ್ಟ 19 ಡಾಲರ್ ವಾಪಸ್ ಬರಲು ಫಂಡ್ 119 ಮುಟ್ಟಬೇಕು. ಸವೆತ ಇಲ್ಲದಿದ್ದರೆ ಅದಕ್ಕೆ ಸೂಚ್ಯಂಕ ಶೇ. 6 ಏರಿದರೆ ಸಾಕಿತ್ತು, ಓಲಾಟದ ನಡುವೆ ಶೇ. 8.6 ಏರಬೇಕು. ಸೂಚ್ಯಂಕದ ಕಾಲ್‌ಗೆ ಪ್ರೀಮಿಯಂ 6.4 ಡಾಲರ್, ಅಸಲು ಬರಲು ಶೇ. 6.4ರ ಏರಿಕೆ ಸಾಕು. ಅದೇ ಓಲಾಟದಲ್ಲಿ ಸೂಚ್ಯಂಕ ಶೇ. 15 ಏರಿದರೂ ಸೂಚ್ಯಂಕದ ಕಾಲ್ ಹಾಕಿದ ಹಣವನ್ನು 2.35 ಪಟ್ಟು ಮಾಡುತ್ತದೆ, ಫಂಡಿನದು 2.18 ಪಟ್ಟು. ಮೂರು ತಿಂಗಳಲ್ಲಿ ಏರಿಕೆ ಶೇ. 20ರ ಹತ್ತಿರ ಬಂದಾಗಲೇ ಎರಡೂ ಸಮಸಮ.